ಗ್ರೂಪ್ ಚಾಟಿನ ಸ್ಕ್ರೀನ್‌ಶಾಟ್ ಎಐಗೆ ಕೊಡುವ ಮುನ್ನ

ಮಳೆಗಾಲದಲ್ಲಿ ಅಡಿಕೆಗೆ ಮದ್ದು ಹೊಡೆಯುವ ಸರದಿ ಗೊತ್ತುಮಾಡಲು ಶಿರಸಿ ಕಡೆಯ ಊರೊಂದರಲ್ಲಿ ವಾಟ್ಸ್‌ಆ್ಯಪ್ ಗ್ರೂಪ್ ಇದೆ ಎಂದುಕೊಳ್ಳಿ. ಯಾರ ತೋಟಕ್ಕೆ ಯಾವ ದಿನ, ಎಷ್ಟು ಬ್ಯಾರಲ್ ಮದ್ದು ಎಂಬುದೆಲ್ಲ ಮೂವತ್ತು ಮೆಸೇಜುಗಳಲ್ಲಿ ಚದುರಿಹೋಗಿದೆ. ನಾಲ್ಕು ಸ್ಕ್ರೀನ್‌ಶಾಟ್ ತೆಗೆದು ಎಐ ಉಪಕರಣಕ್ಕೆ ಹಾಕಿ ‘ಪಟ್ಟಿ ಮಾಡಿಕೊಡು’ ಎಂದರೆ ಅರ್ಧ ನಿಮಿಷದ ಕೆಲಸ. ಆದರೆ ಆ ಚಿತ್ರಗಳಲ್ಲಿ ಸರದಿಯ ಜೊತೆಗೆ ಇದೂ ಇರುತ್ತದೆ:

“ಸೋಮವಾರ ಆಗ್ತಿಲ್ಲೆ, ಅಪ್ಪನ್ನ ಮಣಿಪಾಲಕ್ಕೆ ಕರ್ಕಂಡು ಹೋಗವು, ಡಯಾಲಿಸಿಸ್ ಇದ್ದು. ಬುಧವಾರ ಬಂದ್ರೆ ಅಡ್ಡಿಲ್ಲೆ.”

ಇದನ್ನು ಬರೆದವರು ಊರಿನ ಮೂವತ್ತು ಜನರಿಗೆ ಹೇಳಿದ್ದಾರೆ, ಯಾವುದೋ ಕಂಪನಿಯ ಸರ್ವರಿಗಲ್ಲ. ವಾಟ್ಸ್‌ಆ್ಯಪಿನ ಗೂಢಲಿಪಿ ಮೆಸೇಜನ್ನು ಒಂದು ಫೋನಿನಿಂದ ಇನ್ನೊಂದಕ್ಕೆ ತಲುಪುವವರೆಗೆ ಕಾಯುತ್ತದೆ. ಸ್ಕ್ರೀನ್‌ಶಾಟ್ ಆದಮೇಲೆ ಅದು ಬರೀ ಚಿತ್ರ. 2025ರಲ್ಲಿ ಬಂದ Advanced chat privacy ಆನ್ ಮಾಡಿದರೆ ಚಾಟ್ ಎಕ್ಸ್‌ಪೋರ್ಟ್ ನಿಲ್ಲುತ್ತದೆ, ಸ್ಕ್ರೀನ್‌ಶಾಟ್ ನಿಲ್ಲುವುದಿಲ್ಲ. ತೆಗೆದದ್ದು ಉಳಿದವರಿಗೆ ಗೊತ್ತಾಗುವುದೂ ಇಲ್ಲ.

ಮೊದಲು: ಚಿತ್ರವೇ ಬೇಕೇ?

ಹತ್ತರಲ್ಲಿ ಒಂಬತ್ತು ಸಲ ಬೇಡ. ಉಪಕರಣಕ್ಕೆ ಬೇಕಾದದ್ದು ತೋಟ, ದಿನ, ಬ್ಯಾರಲ್ ಮೂರೇ. ಮೆಸೇಜಿನ ಮೇಲೆ ಒತ್ತಿ ಹಿಡಿದು ಕಾಪಿ ಮಾಡಿ, ಬೇಕಾದಷ್ಟನ್ನೇ ಇಟ್ಟುಕೊಳ್ಳಿ. ಇಲ್ಲೊಂದು ಸಂಗತಿ ನೆನಪಿಡಿ: ಒಂದೇ ಮೆಸೇಜ್ ಕಾಪಿ ಮಾಡಿದರೆ ಬರೀ ಮಾತು ಬರುತ್ತದೆ. ಹಲವನ್ನು ಒಟ್ಟಿಗೆ ಆರಿಸಿ ಕಾಪಿ ಮಾಡಿದರೆ ಪ್ರತಿ ಸಾಲಿನ ಮುಂದೆ ತಾರೀಖು, ಸಮಯ, ಕಳಿಸಿದವರ ಹೆಸರೂ ಅಂಟಿಕೊಂಡು ಬರುತ್ತವೆ. ಅಂಟಿಸಿದಮೇಲೆ ಹೆಸರುಗಳನ್ನು ಅಳಿಸಿ ಹೀಗೆ ಬರೆದುಕೊಳ್ಳಿ:

```
ತೋಟ 1: ಸೋಮವಾರ ಆಗದು, ಬುಧವಾರ ಸರಿ, 2 ಬ್ಯಾರಲ್
ತೋಟ 2: ಸೋಮವಾರ ಬೆಳಿಗ್ಗೆ, 3 ಬ್ಯಾರಲ್
ತೋಟ 3: ಯಾವ ದಿನವಾದರೂ ಸರಿ, 1 ಬ್ಯಾರಲ್
```

ತೋಟ 1 ಯಾರದು ಎಂಬುದು ನಿಮ್ಮ ಡೈರಿಯಲ್ಲಿರಲಿ. ಪಟ್ಟಿ ಬಂದಮೇಲೆ ಹೆಸರು ತುಂಬಿಕೊಂಡು ಗ್ರೂಪಿಗೆ ಹಾಕಿದರಾಯಿತು. ‘ಆಗ್ತಿಲ್ಲೆ’, ‘ಹೋಗವು’ ಎಂಬ ಹವ್ಯಕ ಮಾತನ್ನು ಹಾಗೇ ಕೊಟ್ಟರೆ ಉಪಕರಣ ಎಡವುವುದೂ ಉಂಟು. ಅದಕ್ಕೂ ಇದೇ ಲೇಸು.

ಚಿತ್ರವೇ ಬೇಕಾದರೆ

ಕೈಬರಹದ ಲೆಕ್ಕ, ಮದ್ದಿನ ಅಂಗಡಿಯ ಬಿಲ್ಲಿನ ಫೋಟೊ ಓದಿಸಬೇಕಾದಾಗ ಚಿತ್ರವನ್ನೇ ಕೊಡಬೇಕಾಗುತ್ತದೆ. ಆಗ ಮೊದಲು ಕತ್ತರಿಸಿ, ಉಳಿದದ್ದನ್ನು ಮೇಲಿನಿಂದ ಕೆಳಕ್ಕೆ ಒಂದೊಂದೇ ಸಾಲು ನೋಡುತ್ತ ಬನ್ನಿ. ಹೆಸರನ್ನು ಎಲ್ಲರೂ ಮುಚ್ಚುತ್ತಾರೆ; ತಪ್ಪಿಹೋಗುವುದು ಬೇರೆ ಜಾಗಗಳಲ್ಲಿ.

ಪರದೆಯ ತುತ್ತತುದಿಯಲ್ಲಿ ಗ್ರೂಪಿನ ಹೆಸರಿನ ಕೆಳಗೆ ಸದಸ್ಯರ ಹೆಸರುಗಳ ಸಣ್ಣ ಸಾಲಿರುತ್ತದೆ. ಮೆಸೇಜಿನ ಪಕ್ಕದ ಪುಟ್ಟ ಗುಂಡು ಫೋಟೊದಲ್ಲಿ ಮುಖ ಕಾಣುತ್ತದೆ. ನಿಮ್ಮ ಫೋನಿನಲ್ಲಿ ಸೇವ್ ಆಗದವರಾದರೆ ಅವರ ಪೂರ್ತಿ ನಂಬರೇ ಕಾಣಬಹುದು. ಸೇವ್ ಮಾಡಿದವರ ವಿಷಯ ಇನ್ನೂ ಸ್ವಾರಸ್ಯ: ನಮ್ಮ ಕಡೆ ‘ಕೊನೆಗೌಡ ಹುಲೇಕಲ್’ ಎಂದೇ ಸೇವ್ ಮಾಡುವ ರೂಢಿ, ಅಂದರೆ ಕಸುಬು, ಊರು ಎರಡೂ ಒಂದೇ ಸಾಲಿನಲ್ಲಿ ಹೋಯಿತು. ಎಲ್ಲಕ್ಕಿಂತ ಹೆಚ್ಚು ಮರೆಯುವುದು ರಿಪ್ಲೈ ಡಬ್ಬಿಯನ್ನು. ಡಯಾಲಿಸಿಸ್ ಮೆಸೇಜನ್ನು ನೀಟಾಗಿ ಮುಚ್ಚಿರುತ್ತೀರಿ, ಎರಡು ಮೆಸೇಜ್ ಕೆಳಗೆ ಯಾರೋ ‘ಅಡ್ಡಿಲ್ಲೆ’ ಎಂದು ಉತ್ತರಿಸಿರುತ್ತಾರೆ. ಆ ಉತ್ತರದ ತಲೆಯ ಮೇಲಿನ ಬೂದು ಡಬ್ಬಿಯಲ್ಲಿ ಮೂಲ ಮೆಸೇಜು, ಬರೆದವರ ಹೆಸರು ಎರಡೂ ಮತ್ತೆ ಕೂತಿರುತ್ತವೆ.

ಇಷ್ಟಾದರೂ ಊರಿನಂಥ ಸಣ್ಣ ಜಾಗದಲ್ಲಿ ಹೆಸರು ತೆಗೆದ ಮಾತ್ರಕ್ಕೆ ಗುರುತು ಹೋಗದು. ‘ಹೊಳೆ ಆಚೆ ತೋಟ’, ‘ಹೆಡ್‌ಮಾಸ್ತರ ಮನೆ’ ಎಂದರೆ ಅಲ್ಲಿನವರಿಗೆ ಒಬ್ಬರೇ. ಕಾಯಿಲೆ, ಸಾಲ, ಜಗಳದ ಮಾತಿದ್ದರೆ ಆ ಇಡೀ ಮೆಸೇಜನ್ನೇ ತೆಗೆಯಿರಿ.

ಮುಚ್ಚುವ ಬಗೆ

ಕಪ್ಪು ಹೈಲೈಟರ್ ಬಳಸಬೇಡಿ. ಅದು ಅರೆಪಾರದರ್ಶಕ, ಚಿತ್ರದ ಬ್ರೈಟ್‌ನೆಸ್, ಕಾಂಟ್ರಾಸ್ಟ್ ಏರಿಸಿದರೆ ಕೆಳಗಿನ ಅಕ್ಷರ ಎದ್ದು ಬರುತ್ತದೆ. ಮಸುಕು, ಮೊಸಾಯಿಕ್ ಕೂಡ ಫೋನ್ ನಂಬರಿಗೆ ಸಾಲದು. ಅಂಕೆಗಳು ಹತ್ತೇ, ಅಕ್ಷರದ ಆಕಾರವೂ ಗೊತ್ತಿರುವಂಥದ್ದು, ಹಾಗಾಗಿ ಒಂದೊಂದನ್ನೇ ಮಸುಕಾಗಿಸಿ ಹೋಲಿಸಿ ಊಹಿಸಲು ಬರುತ್ತದೆ. ಎಡಿಟರಿನಲ್ಲಿ ಒಳಗೆ ಬಣ್ಣ ತುಂಬಿದ ಚೌಕ ಸಿಕ್ಕರೆ ಅದನ್ನೇ ಹಾಕಿ. ಇಲ್ಲದಿದ್ದರೆ ದಪ್ಪ ಪೆನ್ನಿನಿಂದ ಪೂರ್ತಿ ಕಪ್ಪು ಬಳಿಯಿರಿ, ಹೆಸರಿನ ಉದ್ದ ತಿಳಿಯದಂತೆ ಪಟ್ಟಿಯನ್ನು ಆಚೀಚೆ ಸ್ವಲ್ಪ ಎಳೆಯಿರಿ.

ಆಮೇಲೆ ಆ ತಿದ್ದಿದ ಚಿತ್ರವನ್ನು ಪರದೆ ತುಂಬ ತೆರೆದು ಅದರದೇ ಇನ್ನೊಂದು ಸ್ಕ್ರೀನ್‌ಶಾಟ್ ತೆಗೆಯಿರಿ. ಅಪ್‌ಲೋಡ್ ಮಾಡಬೇಕಾದದ್ದು ಇದನ್ನು. ಇದೇನು ಅತಿಯಾಯಿತು ಎನ್ನಿಸಬಹುದು. 2023ರ ಮಾರ್ಚ್‌ನಲ್ಲಿ ಬಯಲಾದ ದೋಷವೊಂದು ಇದಕ್ಕೆ ಕಾರಣ: ಗೂಗಲ್ ಪಿಕ್ಸೆಲ್ ಫೋನುಗಳ ಚಿತ್ರ ತಿದ್ದುವ ಉಪಕರಣ ಮಾರ್ಕಪ್‌ನಲ್ಲಿ ಕತ್ತರಿಸಿದ ಸ್ಕ್ರೀನ್‌ಶಾಟಿನ ಫೈಲಿನ ಬಾಲದಲ್ಲಿ ಹಳೆಯ ಚಿತ್ರದ ಭಾಗ ಹಾಗೇ ಉಳಿದಿರುತ್ತಿತ್ತು, ಅದನ್ನು ಮರಳಿ ತೆಗೆಯಲೂ ಬರುತ್ತಿತ್ತು. ವಿಂಡೋಸ್ 11ರ ಸ್ನಿಪ್ಪಿಂಗ್ ಟೂಲಿನಲ್ಲೂ ಇಂಥದ್ದೇ ತೊಂದರೆ ಕಂಡಿತು. ದುರಸ್ತಿಯೇನೋ ಆಗಿದೆ, ಆದರೆ ಅದಕ್ಕೆ ಮೊದಲು ಕತ್ತರಿಸಿಟ್ಟ ಫೈಲುಗಳು ಹಾಗೇ ಇವೆ. ಹೊಸ ಸ್ಕ್ರೀನ್‌ಶಾಟ್‌ನಲ್ಲಿ ಪರದೆಯ ಮೇಲೆ ಕಂಡದ್ದರ ಹೊರತು ಹಳೆಯದೇನೂ ಇರಲಾರದು.

ಕಳಿಸುವ ಮುಂಚೆ ಬ್ರೈಟ್‌ನೆಸ್ ಪೂರ್ತಿ ಏರಿಸಿ, ಎರಡು ಬೆರಳಲ್ಲಿ ದೊಡ್ಡದು ಮಾಡಿ, ಒಂದು ಸಲ ನೋಡಿ.

ಉಪಕರಣದ ಕಡೆ

ಚಾಟ್‌ಜಿಪಿಟಿಯಾದರೆ ಸೆಟ್ಟಿಂಗ್ಸ್‌ನ Data controls ಒಳಗಿರುವ Improve the model for everyone ಆಫ್ ಮಾಡಿ. ನಿಮ್ಮ ಮಾತುಕತೆ ಮುಂದಿನ ತರಬೇತಿಗೆ ಹೋಗುವುದು ನಿಲ್ಲುತ್ತದೆ. ಒಂದೇ ಸಲದ ಕೆಲಸಕ್ಕೆ Temporary chat ಸಾಕು. ಹಾಗಂತ ಚಿತ್ರ ಸರ್ವರಿಗೆ ಹೋಗುವುದೇ ಇಲ್ಲ ಎಂದಲ್ಲ, ಅದು ಕೆಲ ದಿನ ಅಲ್ಲಿರುತ್ತದೆ. ಮುಚ್ಚುವ ಕೆಲಸ ಮುಖ್ಯವಾಗುವುದು ಇದಕ್ಕೇ. ಹೆಸರಿಲ್ಲದ ಒಂದಿಷ್ಟು ಉಪಕರಣಗಳಲ್ಲಿ ಇಂಥ ಸೆಟ್ಟಿಂಗೇ ಇರುವುದಿಲ್ಲ. ಅವುಗಳಿಗೆ ಬೇರೆಯವರ ಚಾಟು ಬೇಡವೇ ಬೇಡ.

ಕಾನೂನಿನ ಮಾತು ಚಿಕ್ಕದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಒಬ್ಬ ವ್ಯಕ್ತಿ ಸ್ವಂತ ಅಥವಾ ಮನೆಯ ಕೆಲಸಕ್ಕೆ ಬಳಸುವ ಮಾಹಿತಿಗೆ ಅನ್ವಯಿಸದು. ಹಾಗಾಗಿ ನಿಮ್ಮ ಮನೆಯ ತೋಟದ ಸರದಿಗೆ ಅದು ಅಡ್ಡ ಬರುವುದಿಲ್ಲ. ಆದರೆ ಸಹಕಾರ ಸಂಘದ ಕಾರ್ಯದರ್ಶಿ ಸಂಘದ ಕೆಲಸಕ್ಕೆಂದು ಸದಸ್ಯರ ಚಾಟ್ ಅಪ್‌ಲೋಡ್ ಮಾಡಿದರೆ ಅದನ್ನು ಮನೆಯ ಕೆಲಸ ಎನ್ನಲಾಗದು.

ಆಗಲೇ ಹಾಕಿಬಿಟ್ಟಿದ್ದರೆ

ಉಪಕರಣದಲ್ಲಿ ಆ ಮಾತುಕತೆಯನ್ನು ಅಳಿಸಿ. ಅದರ ಲಿಂಕನ್ನು ಯಾರಿಗಾದರೂ ಹಂಚಿದ್ದರೆ ಲಿಂಕನ್ನೂ ಪ್ರತ್ಯೇಕವಾಗಿ ರದ್ದು ಮಾಡಿ. ಫೋನಿನ ಗ್ಯಾಲರಿಯಲ್ಲೂ, ಸ್ಕ್ರೀನ್‌ಶಾಟ್ ಫೋಲ್ಡರಿನ ಬ್ಯಾಕಪ್ ಆನ್ ಇದ್ದರೆ ಗೂಗಲ್ ಫೋಟೋಸ್‌ನಲ್ಲೂ ಮೂಲ ಚಿತ್ರ ಇರುತ್ತದೆ, ಅದನ್ನೂ ಅಳಿಸಿ, ಆಮೇಲೆ ಟ್ರ್ಯಾಶ್‌ನಲ್ಲೂ. ಆಮೇಲೆ ಯಾರ ಮಾತು ಹೋಯಿತೋ ಅವರಿಗೆ ಫೋನ್ ಮಾಡಿ ಯಾವ ಮೆಸೇಜು, ಯಾವ ಉಪಕರಣ, ಯಾವಾಗ, ಏನೇನು ಅಳಿಸಿದ್ದೀರಿ ಎಂಬುದನ್ನು ಹೇಳಿ. ಗ್ರೂಪಿನಲ್ಲಿ ಬರೆಯಬೇಡಿ, ಗೊತ್ತಿಲ್ಲದವರಿಗೂ ಹೊಸದಾಗಿ ಗೊತ್ತಾದೀತು. ಹೋದ ಚಿತ್ರದಲ್ಲಿ ಆಧಾರ್ ಕಾರ್ಡಿನ ಫೋಟೊ ಇದ್ದರೆ, ಆಧಾರ್ ಪ್ರಾಧಿಕಾರದ ವೆಬ್‌ಸೈಟಿನಲ್ಲಿ ಬಯೋಮೆಟ್ರಿಕ್ ಲಾಕ್ ಹಾಕಿಕೊಳ್ಳಲು ಅವರಿಗೆ ತಿಳಿಸಿ, ಬೇಕಿದ್ದರೆ ಪಕ್ಕದಲ್ಲಿ ಕೂತು ಮಾಡಿಕೊಡಿ. ಅದಕ್ಕೆ ಅವರ ಆಧಾರ್‌ಗೆ ಜೋಡಿಸಿದ ಮೊಬೈಲಿಗೆ ಒಟಿಪಿ ಬರಬೇಕಾಗುತ್ತದೆ, ಆ ಸಿಮ್ ಇರುವ ಫೋನನ್ನು ಹತ್ತಿರದಲ್ಲಿಟ್ಟುಕೊಳ್ಳಲಿ.