ಒಳಗೊಂದು ಮೈನಸ್, ಹೊರಗೊಂದು ಮೈನಸ್: ಅನುಕಲನದಲ್ಲಿ ಚಿಹ್ನೆ ತಪ್ಪದಿರಲು

sin(π/3 − 2x) ಅನ್ನು ಅನುಕಲಿಸಿ ಎಂದು ಹೇಳಿ ನೋಡಿ. ಒಬ್ಬರು −2cos(π/3 − 2x) ಎನ್ನುತ್ತಾರೆ, ಮತ್ತೊಬ್ಬರು −½cos(π/3 − 2x) ಎನ್ನುತ್ತಾರೆ, ಮೂರನೆಯವರು cos(π/3 − 2x) ಎಂದಷ್ಟೇ ಬರೆದು ಪೆನ್ನು ಕೆಳಗಿಡುತ್ತಾರೆ. ಸೈನ್‌ನ ಅನುಕಲನ ಏನೆಂದು ಮೂವರಿಗೂ ಗೊತ್ತು. ಎಡವಿರುವುದು ಆವರಣದೊಳಗಿನ −2 ಎಂಬ ಪುಟ್ಟ ಸಂಖ್ಯೆಯ ಲೆಕ್ಕದಲ್ಲಿ.

ಇಲ್ಲಿ ಎರಡು ಮೈನಸ್‌ಗಳಿವೆ, ಎರಡರ ಮೂಲವೂ ಬೇರೆ. ಒಂದು ಸೈನ್‌ನದೇ ಗುಣ: sin u ಅನುಕಲಿಸಿದರೆ −cos u. ಇನ್ನೊಂದು ಒಳಗಿನ −2xನಿಂದ ಬರುವುದು. ಹೊರಗಿನದನ್ನು ಸೂತ್ರ ನೆನಪಿಸುತ್ತದೆ, ಒಳಗಿನದನ್ನು ನಾವೇ ನೆನಪಿಟ್ಟುಕೊಳ್ಳಬೇಕು. ಹಾಗಾಗಿ ಕಳೆದುಹೋಗುವುದು ಸಾಮಾನ್ಯವಾಗಿ ಒಳಗಿನದೇ.

ಮೊದಲ ಹೆಜ್ಜೆ: ಒಳಗಿನದಕ್ಕೆ ಹೆಸರಿಡಿ

u = π/3 − 2x ಎಂದು ಬರೆಯಿರಿ. ಇದನ್ನು ಅವಕಲಿಸಿದರೆ du = −2 dx, ಅಂದರೆ dx = −½ du. ಈ ಸಾಲನ್ನು ಮನಸ್ಸಿನಲ್ಲೇ ಮುಗಿಸದೆ ಕಾಗದದ ಮೇಲೆ ಇಳಿಸಿ. −2ರಿಂದ ಗುಣಿಸಬೇಕೋ ಭಾಗಿಸಬೇಕೋ ಎಂಬ ಗೊಂದಲ ಹುಟ್ಟುವುದೂ ಇಲ್ಲಿ, ತೀರುವುದೂ ಇಲ್ಲಿ. ಅವಕಲನದಲ್ಲಿ ಸರಪಳಿ ನಿಯಮ ಒಳಗಿನ ಗುಣಾಂಕವನ್ನು ಹೊರಗೆ ತಂದು ಗುಣಿಸುತ್ತದೆ. ಅನುಕಲನ ಅದಕ್ಕೆ ವಿರುದ್ಧ ದಿಕ್ಕಿನ ಕೆಲಸ, ಆದ್ದರಿಂದ ಭಾಗಿಸಬೇಕು. ಅವಕಲನ ಕೈಗೆ ಚೆನ್ನಾಗಿ ಹತ್ತಿದವರೇ ಇಲ್ಲಿ ಹೆಚ್ಚಾಗಿ ಗುಣಿಸಿಬಿಡುತ್ತಾರೆ ಎಂಬುದು ವಿಚಿತ್ರವಾದರೂ ನಿಜ. ಅಭ್ಯಾಸ ಅಷ್ಟು ಗಟ್ಟಿ.

ಈಗ ಮುಂದಿನದು ಸಲೀಸು:

∫ sin(π/3 − 2x) dx = −½ ∫ sin u du = −½ (−cos u) + C = ½ cos(π/3 − 2x) + C

ಎರಡು ಮೈನಸ್‌ಗಳು ಸೇರಿ ಪ್ಲಸ್ ಆದವು. ಉತ್ತರದಲ್ಲಿ ಮೈನಸ್ ಕಾಣದೆ ಗಾಬರಿಯಾಗಿ ಒಂದನ್ನು ಮರಳಿ ಸೇರಿಸುವವರೂ ಇದ್ದಾರೆ. ಅನುಮಾನವಿದ್ದರೆ ಉತ್ತರವನ್ನು ಅವಕಲಿಸಿ: ½ × (−sin(π/3 − 2x)) × (−2) = sin(π/3 − 2x). ಹೊರಟ ಜಾಗಕ್ಕೇ ಬಂದೆವು.

ಎರಡನೆಯ ಹೆಜ್ಜೆ: ಮಿತಿಗಳಿದ್ದರೆ ಅಂದಾಜು ಕಟ್ಟಿ

ಇದೇ ಫಲನವನ್ನು x = 0ರಿಂದ x = π/6ರವರೆಗೆ ಅನುಕಲಿಸೋಣ. ಮೇಲಿನ ಮಿತಿಯಲ್ಲಿ ½ cos 0 = ½. ಕೆಳಗಿನ ಮಿತಿಯಲ್ಲಿ ½ cos(π/3) = ¼. ಕಳೆದರೆ ಉತ್ತರ ¼.

ಇದು ಸರಿಯೇ ಎಂದು ತಿಳಿಯಲು ಚಿತ್ರವನ್ನು ಕಣ್ಣ ಮುಂದೆ ತಂದುಕೊಂಡರೆ ಸಾಕು. ಫಲನ x = 0ಯಲ್ಲಿ ಸುಮಾರು 0.866, ಅಲ್ಲಿಂದ ಇಳಿಯುತ್ತಾ x = π/6ರಲ್ಲಿ ಸೊನ್ನೆ. ನಡುವೆ ಎಲ್ಲಿಯೂ ಋಣವಾಗುವುದಿಲ್ಲ. ಅಗಲ ಸುಮಾರು 0.524. ಆ ಎತ್ತರ, ಆ ಅಗಲದ ಆಯತದ ವಿಸ್ತೀರ್ಣ ಸುಮಾರು 0.453, ಅದರ ಅರ್ಧದ ತ್ರಿಕೋನದ್ದು 0.227. ನಮ್ಮ ಗೆರೆ ತ್ರಿಕೋನದ ಓರೆ ಬದಿಗಿಂತ ತುಸು ಮೇಲಕ್ಕೆ ಉಬ್ಬಿದೆ, ಹಾಗಾಗಿ ಉತ್ತರ 0.227ಕ್ಕಿಂತ ಸ್ವಲ್ಪ ಹೆಚ್ಚಿರಬೇಕು. 0.25 ಅಲ್ಲಿ ಸರಿಯಾಗಿ ಕೂರುತ್ತದೆ.

ಈಗ ತಪ್ಪು ಉತ್ತರಗಳನ್ನು ಇದೇ ಜರಡಿಯಲ್ಲಿ ಹಾಕಿ. ಒಳಗಿನ ಮೈನಸ್ ಮರೆತರೆ −¼ ಬರುತ್ತದೆ. ಧನ ಫಲನಕ್ಕೆ ಋಣ ವಿಸ್ತೀರ್ಣ ಸಾಧ್ಯವಿಲ್ಲ. 2ರಿಂದ ಭಾಗಿಸಲು ಮರೆತರೆ ½, ಭಾಗಿಸುವ ಬದಲು ಗುಣಿಸಿದರೆ 1. ಎರಡೂ ಆಯತಕ್ಕಿಂತ ದೊಡ್ಡವು. ಒಂದೇ ಒಂದು ಆಯತ ಇಷ್ಟು ತಪ್ಪುಗಳನ್ನು ಹಿಡಿದುಕೊಟ್ಟಿತು.

ಮಿತಿಗಳನ್ನೂ uಗೆ ಬದಲಿಸಿಕೊಳ್ಳುವವರು ಇನ್ನೊಂದು ಕಡೆ ಜಾರುತ್ತಾರೆ. x ಏರಿದಂತೆ u ಇಳಿಯುವುದರಿಂದ ಮಿತಿಗಳು π/3ರಿಂದ 0ಗೆ ತಲೆಕೆಳಗಾಗಿ ಬರುತ್ತವೆ. ಅವನ್ನು ನೇರಮಾಡಿ 0ಯಿಂದ π/3 ಎಂದು ಬರೆದ ಕೂಡಲೇ −½ರ ಮೈನಸ್ ಖರ್ಚಾಗಿ ½ ಉಳಿಯುತ್ತದೆ. ಮಿತಿಗಳನ್ನೂ ತಿರುಗಿಸಿ ಮೈನಸ್ಸನ್ನೂ ಉಳಿಸಿಕೊಂಡರೆ ಮತ್ತೆ −¼ ಬಂದು ಕೂರುತ್ತದೆ. sin(−3x)ನಲ್ಲೂ ಇದೇ ಕಥೆ. ಮೈನಸ್ಸನ್ನು ಮೊದಲೇ ಹೊರಗೆಳೆದು −sin 3x ಎಂದು ಬರೆದರೆ ಮುಂದೆ ಭಾಗಿಸಬೇಕಾದುದು 3ರಿಂದ, −3ರಿಂದಲ್ಲ. cos(−3x) ಮಾತ್ರ ಸಾಧು ಪ್ರಾಣಿ: ಅದು cos 3x ತಾನೇ, ಮೈನಸ್ ಅಲ್ಲೇ ಕರಗಿಹೋಗುತ್ತದೆ.

ಮೂರನೆಯ ಹೆಜ್ಜೆ: ಘಾತೀಯ ಫಲನದ ಋಣ ಉತ್ತರಕ್ಕೆ ಹೆದರಬೇಡಿ

∫ e^(−3x) dx = −⅓ e^(−3x) + C. ಇಲ್ಲಿ ಮೈನಸ್ ಒಂದೇ. ಆದರೆ e^(−3x) ಯಾವಾಗಲೂ ಧನ, ಅದರ ಅನುಕಲನ ಋಣವಾಗುವುದು ಹೇಗೆ ಎಂದು ಯೋಚಿಸಿ ಸರಿಯಾದ ಮೈನಸ್ಸನ್ನು ಅಳಿಸುವವರಿದ್ದಾರೆ. ಪ್ರಶ್ನೆ ಒಳ್ಳೆಯದೇ, ತೀರ್ಮಾನ ತಪ್ಪು. ಧನ ಫಲನದ ಅನುಕಲನ ಏರುತ್ತಾ ಹೋಗಬೇಕು ಅಷ್ಟೆ, ಅದು ಸೊನ್ನೆಯ ಮೇಲೇ ಇರಬೇಕೆಂದಿಲ್ಲ. −⅓ e^(−3x) ಎಂಬುದು x = 0ಯಲ್ಲಿ −0.3333, x = 1ರಲ್ಲಿ −0.0166. ಋಣದಲ್ಲೇ ಇದ್ದುಕೊಂಡು ಅದು ಏರುತ್ತಿದೆ. ವ್ಯತ್ಯಾಸ ಸುಮಾರು 0.3167, ಧನ.

0ಯಿಂದ 1ರವರೆಗಿನ ಉತ್ತರವಾಗಿ −0.0166 ಬಂದರೆ ತಪ್ಪು ಬೇರೆ ಕಡೆ ಇದೆ. x = 0 ಎಂದ ತಕ್ಷಣ ಕೆಳಗಿನ ಮಿತಿಯ ಬೆಲೆಯೂ ಸೊನ್ನೆ ಎಂದುಕೊಂಡು ಬಿಟ್ಟಿದ್ದೀರಿ. e⁰ = 1 ಆದ್ದರಿಂದ ಅಲ್ಲಿ −⅓ ಇದೆ. ಅದನ್ನು ಕಳೆದಾಗ +⅓ ಆಗುತ್ತದೆ, ಉತ್ತರದ ಬಹುಪಾಲು ಅದೇ.

ನಾಲ್ಕನೆಯ ಹೆಜ್ಜೆ: ಭಾಗಶಃ ಅನುಕಲನದಲ್ಲಿ ಆವರಣ ಬಿಡಬೇಡಿ

∫ x e^(−3x) dxನಲ್ಲಿ ಮೈನಸ್‌ಗಳು ಮೂರು ಸಲ ಬರುತ್ತವೆ. ಮೊದಲ ಸಾಲನ್ನು ಹೀಗೆ ಬಿಡಿಸಿ ಬರೆಯಿರಿ:

x · (−⅓ e^(−3x)) − ∫ (−⅓ e^(−3x)) dx

ಸೂತ್ರದ ಮೈನಸ್ ಮತ್ತು ಆವರಣದ ಮೈನಸ್ ಸೇರಿ ಎರಡನೆಯ ಪದ +⅓ ∫ e^(−3x) dx ಆಗುತ್ತದೆ. ಆದರೆ ಆ ಅನುಕಲನ ತನ್ನದೇ ಹೊಸ ಮೈನಸ್ ತರುತ್ತದೆ, ಹಾಗಾಗಿ ಉತ್ತರ −(x/3) e^(−3x) − (1/9) e^(−3x) + C. ಪ್ಲಸ್ ಆಯಿತಲ್ಲ ಎಂದು ನೆಮ್ಮದಿಯಾಗಿ +1/9 ಬರೆದರೆ, 0ಯಿಂದ 1ರವರೆಗೆ ಸುಮಾರು −0.122 ಬರುತ್ತದೆ. ಆ ವ್ಯಾಪ್ತಿಯಲ್ಲಿ x e^(−3x) ಎಲ್ಲಿಯೂ ಋಣವಲ್ಲ. ಸರಿಯಾದ ಬೆಲೆ ಸುಮಾರು 0.089.

ಈ ಭಾಗಿಸುವ ಉಪಾಯ ಎಲ್ಲಿ ನಿಲ್ಲುತ್ತದೆ

ಒಳಗಿನ ಅವಕಲನದಿಂದ ಭಾಗಿಸಿಬಿಡಿ ಎಂಬ ಮಾತು ಒಳಗಿರುವುದು ax + b ರೂಪದಲ್ಲಿದ್ದಾಗ ಮಾತ್ರ ನಡೆಯುತ್ತದೆ, ಏಕೆಂದರೆ ಆಗ ಭಾಜಕ ಬರಿಯ ಸ್ಥಿರಾಂಕ. e^(−x²) ಕಂಡು e^(−x²)/(−2x) ಎಂದು ಬರೆದವರು ಅದನ್ನೊಮ್ಮೆ ಅವಕಲಿಸಲಿ: e^(−x²) ಜೊತೆಗೆ e^(−x²)/(2x²) ಎಂಬ ಬಾಲವೂ ಬರುತ್ತದೆ. ಭಾಜಕದಲ್ಲಿ x ಇರುವುದರಿಂದ ಅದೂ ಅವಕಲನಕ್ಕೆ ಒಳಗಾಗುತ್ತದೆ. ಈ ಬಾಲವನ್ನು ಚಿಹ್ನೆ ಬದಲಿಸಿ ಸರಿಪಡಿಸಲಾಗದು. e^(−x²)ನ ಅನಿಶ್ಚಿತ ಅನುಕಲನವನ್ನು ನಮಗೆ ಪರಿಚಿತವಾದ ಸಾಮಾನ್ಯ ಫಲನಗಳಲ್ಲಿ ಬರೆಯಲು ಸಾಧ್ಯವೇ ಇಲ್ಲ. ಅದೇ x e^(−x²) ಆಗಿದ್ದರೆ ಮಾತು ಬೇರೆ: u = −x² ಎಂದಾಗ ಹೊರಗಿನ x ತಾನಾಗಿಯೇ duನಲ್ಲಿ ಸೇರಿಕೊಂಡು, ಉತ್ತರ −½ e^(−x²) + C ಎಂದು ಒಂದೇ ಸಾಲಿನಲ್ಲಿ ಮುಗಿಯುತ್ತದೆ.