ವೆಲ್ವೆಟ್ ರವಿಕೆ ಕತ್ತರಿಸುವ ಮುನ್ನ ಅಂಗೈಯಿಂದ ಸವರಿ ನೋಡಿ

ಕಳೆದ ವಾರ ಒಬ್ಬರು ಕಡುಗೆಂಪು ವೆಲ್ವೆಟ್ ರವಿಕೆ ತಂದು ತೋರಿಸಿದರು. ಒಂದೇ ಬಟ್ಟೆಯಾದರೂ ಎಡತೋಳು ಮಾತ್ರ ಮಾಸಿದಂತೆ ಕಾಣುತ್ತಿತ್ತು. ಬಟ್ಟೆ ಉಳಿಸಲೆಂದು ಆ ತೋಳನ್ನು ತಲೆಕೆಳಗಾಗಿ ಕತ್ತರಿಸಿದ್ದರು. ಹೊಲಿದ ಮೇಲೆ ತೋಳನ್ನೇ ಬದಲಿಸಬೇಕು, ಬೇರೆ ದಾರಿಯಿಲ್ಲ.

ವೆಲ್ವೆಟ್‌ನ ರೋಮ ಒಂದೇ ಕಡೆಗೆ ಬಾಗಿರುತ್ತದೆ. ಬಟ್ಟೆಯ ಅಂಚಿನ ಉದ್ದಕ್ಕೆ ಅಂಗೈಯಿಂದ ಸವರಿ. ಕೈ ನುಣುಪಾಗಿ ಜಾರಿದ ಕಡೆಗೆ ರೋಮ ಮಲಗಿದೆ ಎಂದರ್ಥ. ಹಿಂಬದಿಯಲ್ಲಿ ಸೀಮೆಸುಣ್ಣದಿಂದ ಅದೇ ದಿಕ್ಕಿಗೆ ಅಲ್ಲಲ್ಲಿ ಬಾಣ ಬರೆದುಕೊಳ್ಳಿ. ರೋಮ ಮೇಲ್ಮುಖವಾದರೆ ಬಣ್ಣ ಗಾಢ, ಕೆಳಮುಖವಾದರೆ ತುಸು ತಿಳಿ. ರವಿಕೆಗೆ ನಾನು ಗಾಢವನ್ನೇ ಆರಿಸುತ್ತೇನೆ. ಯಾವುದನ್ನು ಆರಿಸಿದರೂ ಮುಂಭಾಗ, ಬೆನ್ನು, ತೋಳು, ಕೊನೆಗೆ ಸಣ್ಣ ಪಟ್ಟಿಯ ಮೇಲ್ತುದಿಯೂ ಒಂದೇ ಕಡೆಗಿರಲಿ.

ಹಲವರು ಎಡವುವುದು ಮಡಿಕೆಯಲ್ಲಿ. ಬಟ್ಟೆಯ ಎರಡು ಕತ್ತರಿಸಿದ ತುದಿಗಳು ಸೇರುವಂತೆ ಅಡ್ಡಕ್ಕೆ ಮಡಚಿದರೆ ಮೇಲಿನ ಪದರದ ರೋಮ ಎದುರು ದಿಕ್ಕಿಗಾಗುತ್ತದೆ. ಆಗ ಮಡಿಕೆಯ ಗೆರೆಯಲ್ಲೇ ಕತ್ತರಿಸಿ, ಮೇಲಿನ ಪದರವನ್ನು ಅರ್ಧ ಸುತ್ತು ತಿರುಗಿಸಿ ಹಾಸಿ. ಎರಡು ಪದರ ಜಾರುತ್ತಿದ್ದರೆ ಒಂಟಿ ಪದರದಲ್ಲೇ ಕತ್ತರಿಸಿ. ಎರಡನೆಯ ತೋಳಿಗೆ ಕಾಗದದ ನಮೂನೆಯನ್ನು ಮಗುಚಿ ಇಡಬೇಕು, ತಲೆಕೆಳಗಾಗಿ ಅಲ್ಲ.

ಒಂದೇ ದಿಕ್ಕಿಗೆ ನಿಂತ ನವಿಲಿನ ಮುದ್ರಣಕ್ಕೂ ಇದೇ ಕ್ರಮ. ಬಟ್ಟೆ ಸ್ವಲ್ಪ ಹೆಚ್ಚೇ ಬೇಕಾಗುತ್ತದೆ, ಆದ್ದರಿಂದ ಕೊಳ್ಳುವ ಮೊದಲೇ ನಮೂನೆಗಳನ್ನು ನೆಲದ ಮೇಲೆ ಜೋಡಿಸಿ ಅಳೆಯಿರಿ.