ಮೂತ್ರನಾಳದಲ್ಲಿ ಕಲ್ಲು: ಕಾಯುವುದೇ, ಒಡೆಸುವುದೇ, ತೆಗೆಸುವುದೇ?

ಸ್ಕ್ಯಾನ್ ಸೆಂಟರಿನಿಂದ ಹೊರಬಂದವರು ಮೊದಲು ಹೇಳುವುದು ಕಲ್ಲಿನ ಗಾತ್ರ. 'ಆರು ಎಂ.ಎಂ. ಇದೆಯಂತೆ.' ಪಕ್ಕದಲ್ಲಿದ್ದವರು ತಮ್ಮ ಭಾವನಿಗೆ ಎಂಟು ಎಂ.ಎಂ. ಇದ್ದದ್ದು ಬಾಳೆದಿಂಡಿನ ರಸಕ್ಕೇ ಉದುರಿತು ಅನ್ನುತ್ತಾರೆ. ಇಬ್ಬರ ಲೆಕ್ಕದಲ್ಲೂ ಒಂದು ಸಂಗತಿ ಬಿಟ್ಟುಹೋಗಿದೆ: ಕಲ್ಲು ಎಲ್ಲಿದೆ ಎಂಬುದು. ಕಿಡ್ನಿಯೊಳಗೆ ಸುಮ್ಮನೆ ಕೂತಿರುವ ಕಲ್ಲಿನ ಮಾತು ಬೇರೆ. ಕಿಡ್ನಿಯಿಂದ ಮೂತ್ರಚೀಲಕ್ಕೆ ಇಳಿಯುವ, ಸುಮಾರು 25 ಸೆಂ.ಮೀ. ಉದ್ದದ ಸಣ್ಣ ಕೊಳವೆಯಲ್ಲಿ, ಅಂದರೆ ಮೂತ್ರನಾಳದಲ್ಲಿ ಸಿಕ್ಕಿಕೊಂಡ ಕಲ್ಲಿನ ಮಾತೇ ಬೇರೆ. ಈ ಲೇಖನ ಎರಡನೆಯದರ ಬಗ್ಗೆ ಮಾತ್ರ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ರಾಯಚೂರಿನ 38 ವರ್ಷದ ಲಾರಿ ಚಾಲಕ. ಬೆಳಗಿನ ಜಾವ ಬಲ ಪಕ್ಕೆಯಲ್ಲಿ ಶುರುವಾದ ನೋವು ತೊಡೆಸಂದಿಗೆ ಇಳಿದಿದೆ, ಎರಡು ಸಲ ವಾಂತಿಯಾಗಿದೆ. ಸಿ.ಟಿ. ಸ್ಕ್ಯಾನಿನಲ್ಲಿ ಬಲ ಮೂತ್ರನಾಳದ ಕೆಳತುದಿಯಲ್ಲಿ 6 ಮಿ.ಮೀ. ಕಲ್ಲು, ಬಲ ಕಿಡ್ನಿಯಲ್ಲಿ ಸ್ವಲ್ಪ ಊತ. ಜ್ವರ ಇಲ್ಲ, ಕಿಡ್ನಿಯ ಕೆಲಸವನ್ನು ಅಳೆಯುವ ರಕ್ತಪರೀಕ್ಷೆ ಕ್ರಿಯಾಟಿನಿನ್ 1.0, ಅಂದರೆ ಸರಿಯಾಗಿಯೇ ಇದೆ.

ಮೊದಲು: ಕಾಯುವ ಹಕ್ಕು ಇದೆಯೇ?

ಕಾಯುವುದು, ಮಾತ್ರೆ, ಹೊರಗಿನಿಂದ ಅಲೆಗಳ ಹೊಡೆತದಲ್ಲಿ ಕಲ್ಲು ಒಡೆಯುವ ಶಾಕ್‌ವೇವ್, ಮೂತ್ರದ ದಾರಿಯಿಂದ ಏರಿಸುವ ದುರ್ಬೀನು ಎಂಬ ನಾಲ್ಕು ದಾರಿಗಳ ಬಗ್ಗೆ ಯೋಚಿಸುವ ಮೊದಲು ಒಂದು ಪ್ರಶ್ನೆ ಮುಗಿಸಿಕೊಳ್ಳಬೇಕು. ಕಲ್ಲಿನ ನೋವಿನ ಜೊತೆ ಚಳಿಜ್ವರ ಬಂದರೆ ಆಯ್ಕೆಯ ಮಾತೇ ಇಲ್ಲ, ಅದೇ ರಾತ್ರಿ ಆಸ್ಪತ್ರೆ ಸೇರಬೇಕು. ಕಟ್ಟಿಕೊಂಡ ಮೂತ್ರದಲ್ಲಿ ಸೋಂಕು ಸೇರಿದರೆ ಅದು ಗಂಟೆಗಳಲ್ಲಿ ರಕ್ತಕ್ಕೆ ಹರಡಬಹುದು, ಮತ್ತು ಮೂತ್ರ ಹೊರಬರಲು ದಾರಿ ಸಿಗದೆ ಬರೀ ಆಂಟಿಬಯಾಟಿಕ್‌ಗೆ ಅದು ಬಗ್ಗುವುದಿಲ್ಲ. ಆಗ ವೈದ್ಯರು ಕಲ್ಲಿನ ಗೊಡವೆಗೆ ಹೋಗುವುದಿಲ್ಲ. ಒಳಗಿನಿಂದ ನಾಳದಲ್ಲಿ ಸ್ಟೆಂಟ್ ಎಂಬ ಮೃದು ಕೊಳವೆ ಇಟ್ಟೋ ಬೆನ್ನಿನಿಂದ ಕಿಡ್ನಿಗೆ ನಳಿಕೆ ಹಾಕಿಯೋ ಮೂತ್ರ ಹೊರಹರಿಯುವಂತೆ ಮಾಡುತ್ತಾರೆ. ಸೋಂಕು ಇಳಿದ ಮೇಲೆ ಕಲ್ಲಿನ ಸರದಿ. 'ಸ್ಟೆಂಟ್ ಹಾಕಿದರು, ಕಲ್ಲು ಹಾಗೇ ಬಿಟ್ಟರು' ಎಂದು ಮನೆಯವರು ಬೇಸರಪಡುವುದುಂಟು. ಆದರೆ ಸೋಂಕಿದ್ದಾಗ ಕಲ್ಲು ಒಡೆಯಹೋದರೆ ಆ ಸೋಂಕನ್ನೇ ರಕ್ತಕ್ಕೆ ತಳ್ಳಿದಂತಾಗುತ್ತದೆ.

ಒಂದೇ ಕಿಡ್ನಿ ಇರುವವರು, ಎರಡೂ ಕಡೆ ಕಲ್ಲು ಸಿಕ್ಕಿಕೊಂಡವರು, ಮೂತ್ರವೇ ನಿಂತವರು, ಕ್ರಿಯಾಟಿನಿನ್ ಏರುತ್ತಿರುವವರು, ಇಂಜೆಕ್ಷನ್‌ಗೂ ನೋವು ತಗ್ಗದವರು ಸಹ ಮನೆಯಲ್ಲಿ ಕಾಯುವಂತಿಲ್ಲ. ಗರ್ಭಿಣಿಯರ ವಿಷಯದಲ್ಲಿ ಸ್ತ್ರೀರೋಗ ತಜ್ಞರೂ ಯುರಾಲಜಿಸ್ಟರೂ ಸೇರಿ ತೀರ್ಮಾನಿಸಬೇಕು. ಅವರಿಗೆ ಶಾಕ್‌ವೇವ್ ಖಂಡಿತ ಕೂಡದು. ನಮ್ಮ ಚಾಲಕನಿಗೆ ಇವು ಯಾವುವೂ ಇಲ್ಲ, ಆದ್ದರಿಂದ ಮುಂದಕ್ಕೆ ಹೋಗಬಹುದು.

ರಿಪೋರ್ಟಿನಲ್ಲಿ ಏನು ನೋಡಬೇಕು

ಮೂತ್ರನಾಳ ಮೂರು ಕಡೆ ಕಿರಿದಾಗಿದೆ: ಕಿಡ್ನಿಯಿಂದ ಹೊರಡುವಲ್ಲಿ, ಸೊಂಟದ ದೊಡ್ಡ ರಕ್ತನಾಳಗಳನ್ನು ದಾಟುವಲ್ಲಿ, ಮೂತ್ರಚೀಲದೊಳಗೆ ಹೋಗುವಲ್ಲಿ. ಕಲ್ಲು ಸಿಕ್ಕಿಕೊಳ್ಳುವುದು ಹೆಚ್ಚಾಗಿ ಇಲ್ಲೇ. ಕೆಳಗಿನ ಇಕ್ಕಟ್ಟಿಗೆ ಬಂದು ನಿಂತದ್ದು ಮುಕ್ಕಾಲು ದಾರಿ ದಾಟಿದಂತೆ. ಮೇಲೇ ನಿಂತದ್ದು ಇನ್ನೆರಡು ಇಕ್ಕಟ್ಟು ದಾಟಬೇಕು. ಹಾಗಾಗಿ ಮೇಲಿನ 6 ಮಿ.ಮೀ. ಮತ್ತು ಕೆಳಗಿನ 6 ಮಿ.ಮೀ. ಒಂದೇ ಅಲ್ಲ.

ಗಾತ್ರದ ಲೆಕ್ಕ ಹೀಗಿದೆ: 5 ಮಿ.ಮೀ. ಒಳಗಿನ ಕಲ್ಲುಗಳಲ್ಲಿ ಮೂರರಲ್ಲಿ ಎರಡು ತಾವಾಗಿಯೇ ಹೋಗುತ್ತವೆ. 5ರಿಂದ 10 ಮಿ.ಮೀ.ನವು ಸುಮಾರು ಅರ್ಧದಷ್ಟು. 10 ದಾಟಿದ್ದಕ್ಕೆ ಕಾಯುವುದು ಸಾಮಾನ್ಯವಾಗಿ ಕಾಲಹರಣ. ಅಲ್ಟ್ರಾಸೌಂಡ್ ಕಿಡ್ನಿಯ ಊತವನ್ನು ಚೆನ್ನಾಗಿ ತೋರಿಸುತ್ತದೆ, ಆದರೆ ನಾಳದ ನಡುಭಾಗದ ಕಲ್ಲನ್ನು ಕರುಳಿನ ಗಾಳಿ ಮರೆಮಾಡುತ್ತದೆ. ನಿಖರ ಗಾತ್ರ, ಜಾಗ, ಗಡಸುತನ ಮೂರೂ ಬೇಕೆಂದರೆ ಔಷಧಿ ಚುಚ್ಚದ ಸಾದಾ ಸಿ.ಟಿ.ಯೇ ಬೇಕು. ಅದೇ ದಿನ ಒಂದು ಹೊಟ್ಟೆಯ ಎಕ್ಸ್‌ರೇ ತೆಗೆಸಿಟ್ಟುಕೊಳ್ಳುವುದು ಜಾಣತನ. ಅದರಲ್ಲಿ ಕಲ್ಲು ಕಂಡರೆ ಮುಂದೆ ಪ್ರತಿ ಸಲ ಸಿ.ಟಿ.ಗೆ ಹೋಗದೆ ಎಕ್ಸ್‌ರೇಯಲ್ಲೇ ಅದರ ಪಯಣ ನೋಡಬಹುದು.

ಕಾಯುವುದೆಂದರೆ ಸುಮ್ಮನಿರುವುದಲ್ಲ

ಕಾಯುವುದಕ್ಕೆ ಗಡುವು ಇದೆ: ನೋವು ಶುರುವಾದ ದಿನದಿಂದ ನಾಲ್ಕು ವಾರ, ಹೆಚ್ಚೆಂದರೆ ಆರು. ತಾವಾಗಿ ಹೋಗುವ ಕಲ್ಲುಗಳು ಬಹುಪಾಲು ಅಷ್ಟರೊಳಗೆ ಹೋಗಿರುತ್ತವೆ. ಅದಾದ ಮೇಲೂ ನಾಳ ಕಟ್ಟಿಕೊಂಡೇ ಇದ್ದರೆ ಕಿಡ್ನಿಯ ಶಕ್ತಿ ಕುಂದುತ್ತದೆ, ಕುಂದಿದ್ದು ಪೂರ್ತಿ ಮರಳುವುದಿಲ್ಲ.

ನೋವಿಗೆ ಡೈಕ್ಲೊಫೆನಾಕ್ ಜಾತಿಯ ಮದ್ದೇ ಮೊದಲ ಆಯ್ಕೆ. ತುರ್ತಿನಲ್ಲಿ 75 ಮಿ.ಗ್ರಾಂ. ಇಂಜೆಕ್ಷನ್ ಕೊಡುವುದು ರೂಢಿ. ಕಿಡ್ನಿ ದುರ್ಬಲವಿದ್ದವರು, ಹೊಟ್ಟೆಹುಣ್ಣು ಅಥವಾ ಹೃದ್ರೋಗ ಇದ್ದವರು, ಗರ್ಭಿಣಿಯರು ಅದನ್ನು ಮೆಡಿಕಲ್ ಶಾಪಿನಿಂದ ತಾವಾಗಿ ಕೊಂಡು ನುಂಗಬಾರದು. ನೋವಿನ ಹೊತ್ತಿನಲ್ಲಿ ಚೊಂಬುಗಟ್ಟಲೆ ನೀರು ಕುಡಿದರೆ ಕಲ್ಲು ಕೊಚ್ಚಿಹೋಗುವುದಿಲ್ಲ. ಕಟ್ಟಿದ ಕೊಳವೆಯ ಹಿಂದೆ ಒತ್ತಡ ಏರಿ ನೋವು ಹೆಚ್ಚುತ್ತದೆ, ಅಷ್ಟೇ. ಬಾಯಾರಿಕೆಗೆ ತಕ್ಕಷ್ಟು ಸಾಕು. ಬಾಳೆದಿಂಡಿನ ಪಲ್ಯ, ಹುರಳಿ ಸಾರು ಊಟಕ್ಕೆ ಚೆನ್ನ, ಆದರೆ ಸಿಕ್ಕಿಕೊಂಡ ಕಲ್ಲನ್ನು ಅವು ಕರಗಿಸುತ್ತವೆಂದು ನಂಬಿ ಗಡುವು ಮೀರಬಾರದು. ಬಿಯರ್ ಚಿಕಿತ್ಸೆಗೂ ಇದೇ ಉತ್ತರ.

ಪ್ರತಿ ಸಲ ಮೂತ್ರವನ್ನು ಹಳೆಯ ಚಹಾ ಜರಡಿಯಲ್ಲೋ ತೆಳು ಬಟ್ಟೆಯಲ್ಲೋ ಸೋಸಬೇಕು. ಇದನ್ನು ಯಾರೂ ಮಾಡುವುದಿಲ್ಲ, ಮಾಡಲೇಬೇಕಾದ್ದು ಇದು. ಕಲ್ಲು ಸಿಕ್ಕರೆ ಅದು ಹೋದದ್ದಕ್ಕೆ ಸಾಕ್ಷಿ, ಜೊತೆಗೆ ಯಾವ ಜಾತಿಯದೆಂದು ಲ್ಯಾಬಿನಲ್ಲಿ ಪರೀಕ್ಷಿಸಬಹುದು. ಯಾಕೆ ಇಷ್ಟು ಒತ್ತಿ ಹೇಳುವುದೆಂದರೆ, ನೋವು ಹೋಯಿತು ಅಂದರೆ ಕಲ್ಲು ಹೋಯಿತು ಎಂದಲ್ಲ. ಕಟ್ಟಿಕೊಂಡ ಕಿಡ್ನಿ ಕೆಲ ದಿನಕ್ಕೆ ಮೂತ್ರ ಸೋಸುವುದನ್ನೇ ಕಡಿಮೆ ಮಾಡುತ್ತದೆ, ಒತ್ತಡ ಇಳಿಯುತ್ತದೆ, ನೋವೂ ಹೋಗುತ್ತದೆ. ಕಲ್ಲು ಅಲ್ಲೇ ಇರುತ್ತದೆ. ಎಷ್ಟೋ ತಿಂಗಳ ನಂತರ ಬೇರೇನಕ್ಕೋ ಸ್ಕ್ಯಾನ್ ಮಾಡಿಸಿದಾಗ ಸತ್ವ ಕಳೆದುಕೊಂಡ ಕಿಡ್ನಿ ಕಾಣುವುದು ಹೀಗೆ. ಕಲ್ಲು ಕೈಗೆ ಸಿಗದಿದ್ದರೆ ನೋವಿಲ್ಲದಿದ್ದರೂ ಮರುಸ್ಕ್ಯಾನ್ ಬೇಕೇ ಬೇಕು.

ಮಾತ್ರೆ ಎಷ್ಟು ಕೆಲಸ ಮಾಡುತ್ತದೆ?

ಟ್ಯಾಮ್ಸುಲೋಸಿನ್ 0.4 ಮಿ.ಗ್ರಾಂ., ದಿನಕ್ಕೊಂದು. ಇದು ಕಲ್ಲನ್ನು ಕರಗಿಸುವುದಿಲ್ಲ, ನಾಳದ ಕೆಳಭಾಗದ ಸ್ನಾಯುವನ್ನು ಸಡಿಲಿಸುತ್ತದೆ. 2015ರಲ್ಲಿ ಬ್ರಿಟನ್ನಿನಲ್ಲಿ 1,100ಕ್ಕೂ ಹೆಚ್ಚು ಜನರ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ ಬಂದಾಗ ವೈದ್ಯರೇ ಬೆಚ್ಚಿದರು: ಈ ಮಾತ್ರೆ ತಿಂದವರಲ್ಲೂ ಹುಸಿ ಮಾತ್ರೆ ತಿಂದವರಲ್ಲೂ ನೂರಕ್ಕೆ ಸುಮಾರು 80 ಮಂದಿಗೆ ನಾಲ್ಕು ವಾರದಲ್ಲಿ ಬೇರೆ ಚಿಕಿತ್ಸೆ ಬೇಕಾಗಲಿಲ್ಲ. ಆದರೆ ಆ ಗುಂಪಿನಲ್ಲಿ ಹೆಚ್ಚಿನವು ಸಣ್ಣ ಕಲ್ಲುಗಳು, ಹೇಗಿದ್ದರೂ ಹೋಗುವಂಥವು. ಬೇರೆ ಅಧ್ಯಯನಗಳನ್ನೂ ಕೂಡಿಸಿ ನೋಡಿದರೆ ಮಾತ್ರೆಗೆ ಅರ್ಥ ಇರುವುದು ಕೆಳಭಾಗದಲ್ಲಿರುವ, 5 ಮಿ.ಮೀ. ಮೀರಿದ, 10ರ ಒಳಗಿನ ಕಲ್ಲಿಗೆ. 3 ಮಿ.ಮೀ.ಗೆ ಬರೆದರೆ ಅದು ಸಮಾಧಾನಕ್ಕೆ.

ನಮ್ಮ ಚಾಲಕ ಆ ಕಿರಿದಾದ ಗುಂಪಿನಲ್ಲಿ ಸರಿಯಾಗಿ ಬೀಳುತ್ತಾನೆ. ಆದರೆ ಮಾತ್ರೆ ತೆಗೆದುಕೊಂಡು ತಟ್ಟನೆ ಎದ್ದರೆ ತಲೆಸುತ್ತು ಬರಬಹುದು, ಹಾಗಾಗಿ ರಾತ್ರಿ ಊಟದ ಮೇಲೆ ತೆಗೆದುಕೊಳ್ಳಬೇಕು. ಗಂಡಸರಿಗೆ ವೀರ್ಯ ಹೊರಬರದಿರುವುದು ಇನ್ನೊಂದು ಪರಿಣಾಮ. ಮಾತ್ರೆ ಬಿಟ್ಟರೆ ಸರಿಹೋಗುತ್ತದೆ, ಮೊದಲೇ ಹೇಳದಿದ್ದರೆ ಗಾಬರಿಯಾಗುತ್ತಾರೆ. ಕಣ್ಣಿನ ಪೊರೆಯ ಆಪರೇಷನ್ ಇರುವವರು ಈ ಮಾತ್ರೆ ತಿಂದದ್ದನ್ನು ಕಣ್ಣಿನ ವೈದ್ಯರಿಗೆ ತಿಳಿಸಬೇಕು. ಚಾಲಕನಿಗೆ ಇನ್ನೂ ಒಂದು ಮಾತು: ಕಲ್ಲು ನಾಳದಲ್ಲಿರುವಷ್ಟು ದಿನ ಸ್ಟಿಯರಿಂಗ್ ಹಿಡಿಯಬಾರದು. ಹೆದ್ದಾರಿಯಲ್ಲಿ ನೋವು ಬಂದರೆ ಲಾರಿ ನಿಲ್ಲಿಸುವಷ್ಟೂ ವ್ಯವಧಾನ ಸಿಗುವುದಿಲ್ಲ. ನಾಲ್ಕು ವಾರ ಸಂಬಳವಿಲ್ಲದೆ ಕೂರಲಾಗದು ಎನ್ನುವವನು ಮೊದಲೇ ಕಲ್ಲು ತೆಗೆಸಿಕೊಳ್ಳುವುದೂ ನ್ಯಾಯವಾದ ಆಯ್ಕೆಯೇ.

ಶಾಕ್‌ವೇವ್ ಮತ್ತು ದುರ್ಬೀನು

ಅವನು ಕಾದ ಎಂದುಕೊಳ್ಳಿ. ಎರಡು ವಾರದ ಎಕ್ಸ್‌ರೇಯಲ್ಲಿ ಕಲ್ಲು ಅದೇ ಜಾಗದಲ್ಲಿದೆ, ನಾಲ್ಕು ವಾರಕ್ಕೂ ಅಲ್ಲೇ. ಈಗ ತೆಗೆಸಬೇಕು. ಹೇಗೆ?

ಶಾಕ್‌ವೇವ್‌ನಲ್ಲಿ ಕೊಯ್ಲಿಲ್ಲ, ಒಳಗೆ ನಳಿಕೆ ಹಾಕುವುದಿಲ್ಲ. 1980ರಲ್ಲಿ ಮ್ಯೂನಿಕ್‌ನಲ್ಲಿ ಮೊದಲ ರೋಗಿಗೆ ಬಳಸಿದ ವಿಧಾನ ಇದು. ಹೊರಗಿನಿಂದ ಸಾವಿರಾರು ಅಲೆಗಳ ಹೊಡೆತವನ್ನು ಕಲ್ಲಿನ ಮೇಲೆ ಕೇಂದ್ರೀಕರಿಸುತ್ತಾರೆ. ಸುಮಾರು ಒಂದು ಗಂಟೆ, ಅದೇ ದಿನ ಮನೆಗೆ. ಆದರೆ ಇದು ಒಡೆಯುತ್ತದೆಯೇ ಹೊರತು ತೆಗೆಯುವುದಿಲ್ಲ. ಚೂರುಗಳನ್ನು ನಿಮ್ಮ ಮೂತ್ರವೇ ಹೊರಹಾಕಬೇಕು. ಅವು ನಾಳದಲ್ಲಿ ಒಂದರ ಹಿಂದೊಂದು ಸಾಲುಗಟ್ಟಿ ಕಟ್ಟಿಕೊಳ್ಳುವುದುಂಟು. ಜರ್ಮನ್ ವೈದ್ಯರು ಅದಕ್ಕೆ 'ಕಲ್ಲುಬೀದಿ' ಎಂಬ ಅರ್ಥದ ಹೆಸರಿಟ್ಟರು.

ಯಾರಿಗೆ ಒಡೆಯುವುದಿಲ್ಲ ಎಂಬುದನ್ನು ಸಿ.ಟಿ. ಮೊದಲೇ ಹೇಳುತ್ತದೆ. ರಿಪೋರ್ಟಿನಲ್ಲಿ ಕಲ್ಲಿನ ಸಾಂದ್ರತೆಯನ್ನು ಹೌನ್ಸ್‌ಫೀಲ್ಡ್ ಅಂಕಿಯಲ್ಲಿ ಬರೆದಿರುತ್ತಾರೆ. ಅದು 1,000 ದಾಟಿದರೆ ಕಲ್ಲು ಗಟ್ಟಿ, ಹೊಡೆತಕ್ಕೆ ಬಗ್ಗುವುದು ಕಷ್ಟ. ಚರ್ಮದಿಂದ ಕಲ್ಲಿಗೆ 10 ಸೆಂ.ಮೀ.ಗಿಂತ ಹೆಚ್ಚು ದೂರವಿದ್ದರೆ, ಅಂದರೆ ಮೈ ದಪ್ಪವಿದ್ದರೆ, ಅಲೆಯ ಬಲ ದಾರಿಯಲ್ಲೇ ಕುಂದುತ್ತದೆ. ರಕ್ತ ತೆಳುಮಾಡುವ ಮಾತ್ರೆ ತಿನ್ನುವವರಿಗೆ ಕಿಡ್ನಿಯ ಸುತ್ತ ರಕ್ತ ಕಟ್ಟುವ ಭಯವಿದೆ. ಆ ಮಾತ್ರೆ ನಿಲ್ಲಿಸುವ ತೀರ್ಮಾನ ಹೃದಯದ ವೈದ್ಯರದ್ದೇ ಆಗಿರಬೇಕು.

ಯುರೆಟೆರೋಸ್ಕೋಪಿಯಲ್ಲಿ ಅರಿವಳಿಕೆ ಕೊಟ್ಟು, ಮೂತ್ರದ ದಾರಿಯಿಂದಲೇ 3 ಮಿ.ಮೀ.ಗಿಂತ ಸಣ್ಣ ದುರ್ಬೀನನ್ನು ನಾಳದೊಳಗೆ ಏರಿಸಿ, ಲೇಸರ್‌ನಿಂದ ಕಲ್ಲು ಪುಡಿಮಾಡಿ ಚೂರು ತೆಗೆಯುತ್ತಾರೆ. ಕೆಳಭಾಗದ ಕಲ್ಲು ಒಂದೇ ಸಲಕ್ಕೆ ಪೂರ್ತಿ ಹೋಗುವ ಸಾಧ್ಯತೆ ನೂರಕ್ಕೆ ತೊಂಬತ್ತರ ಆಸುಪಾಸು. ಮೊದಲು ಮೂತ್ರದ ಕಲ್ಚರ್ ಆಗಿ ಸೋಂಕಿಲ್ಲವೆಂದು ಖಚಿತವಾಗಿರಬೇಕು. ಕೆಲವರ ನಾಳ ತೀರ ಕಿರಿದಾಗಿ ದುರ್ಬೀನು ಏರುವುದೇ ಇಲ್ಲ. ಆಗ ಬಲವಂತ ಮಾಡದೆ ಸ್ಟೆಂಟ್ ಇಟ್ಟು ಒಂದೆರಡು ವಾರ ಬಿಟ್ಟು ಮತ್ತೆ ಬರುವ ವೈದ್ಯರನ್ನು ಬೈಯಬೇಡಿ. ಒತ್ತಿ ಏರಿಸಿದರೆ ನಾಳ ಹರಿಯಬಹುದು, ಮುಂದೆ ಅಲ್ಲೇ ಕಿರಿದಾಗಬಹುದು.

ಚಾಲಕನ ಕಲ್ಲು ಕೆಳಗಿದೆ, ಕೆಲಸಕ್ಕೆ ಬೇಗ ಮರಳಬೇಕಿದೆ: ಅವನಿಗೆ ದುರ್ಬೀನು. ಅದೇ ಕಲ್ಲು 8 ಮಿ.ಮೀ. ಇದ್ದು ನಾಳದ ಮೇಲ್ಭಾಗದಲ್ಲಿ ಸಿಕ್ಕಿಕೊಂಡಿದ್ದು, ಸಾಂದ್ರತೆ 600, ಮೈ ತೆಳು ಎಂದಿದ್ದರೆ ಶಾಕ್‌ವೇವ್ ಒಳ್ಳೆಯ ಮೊದಲ ಹೆಜ್ಜೆಯಾಗುತ್ತಿತ್ತು. ಸಾಂದ್ರತೆ 1,300 ಇದ್ದರೆ ಮತ್ತೆ ದುರ್ಬೀನೇ. ಆದರೆ ಮೇಲಿನ ಕಲ್ಲು ನೀರಿನ ಒತ್ತಡಕ್ಕೆ ಜಾರಿ ಕಿಡ್ನಿಗೇ ವಾಪಸ್ಸು ಹೋಗಬಹುದು. ಆಗ ಬಾಗುವ ದುರ್ಬೀನು ಬೇಕು. ಅದು ಆ ಆಸ್ಪತ್ರೆಯಲ್ಲಿದೆಯೇ ಎಂದು ಆಪರೇಷನ್ನಿಗೆ ಮೊದಲೇ ಕೇಳಿ. ಶಾಕ್‌ವೇವ್ ಯಂತ್ರ, ದುರ್ಬೀನು ಎರಡೂ ಇರುವ ಕಡೆ ಸಿಗುವ ಸಲಹೆಗೆ ಹೆಚ್ಚು ತೂಕ. ಒಂದೇ ಯಂತ್ರ ಇರುವಲ್ಲಿ ಎಲ್ಲ ಕಲ್ಲಿಗೂ ಅದೇ ಮದ್ದಾಗುವುದು ಸಹಜ.

ಸ್ಟೆಂಟ್ ತೆಗೆಸುವ ತಾರೀಖು

ದುರ್ಬೀನಿನ ನಂತರ ಬಹಳ ಸಲ ನಾಳದಲ್ಲಿ ಡಿ.ಜೆ. ಸ್ಟೆಂಟ್ ಇಟ್ಟು ಕಳಿಸುತ್ತಾರೆ. ಊತದಿಂದ ನಾಳ ಮುಚ್ಚಿಕೊಳ್ಳದಿರಲೆಂದು ಇಡುವ ಮೃದುವಾದ ಕೊಳವೆ ಅದು. ಅದಿರುವಷ್ಟು ದಿನ ಪದೇ ಪದೇ ಮೂತ್ರ, ಉರಿ, ಮೂತ್ರ ಹೊಯ್ಯುವಾಗ ಪಕ್ಕೆಯಲ್ಲಿ ಸೆಳೆತ, ಓಡಾಡಿದ ದಿನ ಕೆಂಪು ಮೂತ್ರ ಸಾಮಾನ್ಯ. ಚಳಿಜ್ವರ ಸಾಮಾನ್ಯವಲ್ಲ. ಒಂದೆರಡು ವಾರಕ್ಕೆ ಅದನ್ನು ತೆಗೆಸಬೇಕು, ಹತ್ತು ನಿಮಿಷದ ಕೆಲಸ. ಉರಿ ಕಡಿಮೆಯಾಯಿತೆಂದು ಮರೆತವರ ಹೊಟ್ಟೆಯಲ್ಲಿ ಅದೇ ಸ್ಟೆಂಟಿನ ಮೇಲೆ ತಿಂಗಳುಗಳಲ್ಲಿ ಕಲ್ಲು ಬೆಳೆಯುತ್ತದೆ, ಎಳೆದರೆ ಬರುವುದಿಲ್ಲ, ಮೊದಲಿನದಕ್ಕಿಂತ ದೊಡ್ಡ ಆಪರೇಷನ್ ಬೇಕಾಗುತ್ತದೆ. ಡಿಸ್ಚಾರ್ಜ್ ಚೀಟಿಯಲ್ಲಿ ಸ್ಟೆಂಟ್ ಇದೆಯೇ, ಯಾವತ್ತು ತೆಗೆಯುತ್ತಾರೆ ಎಂದು ಬರೆಸಿಕೊಂಡು, ಆ ತಾರೀಖನ್ನು ಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಫೋನಿನಲ್ಲೂ ಅಲಾರಂ ಇಟ್ಟು ಆಸ್ಪತ್ರೆಯಿಂದ ಹೊರಡಿ.